ಎರಡು ಫೋಟೊ ಸೇರಿ ಒಂದಾದಾಗ: ಜೋಡಿಸಿದ ಚಿತ್ರಗಳ ಬಗ್ಗೆ ವರದಿಗಾರರು, ಪುಟ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪತ್ರಿಕೆ ಮತ್ತು ಜಾಲತಾಣಗಳಿಗೆ ಸುದ್ದಿ, ಫೋಟೊ ಕಳಿಸುವ ತಾಲ್ಲೂಕು ವರದಿಗಾರರಿಗೆ ಮತ್ತು ರಾತ್ರಿ ಪಾಳಿಯಲ್ಲಿ ಪುಟ ಕಟ್ಟುವವರಿಗೆ ಬರೆದದ್ದು ಇದು. ಬಣ್ಣ ತಿದ್ದುವುದು, ಕ್ರಾಪ್ ಮಾಡುವುದು ಇಲ್ಲಿನ ವಿಷಯವಲ್ಲ. ಒಂದಕ್ಕಿಂತ ಹೆಚ್ಚು ಫೋಟೊಗಳನ್ನು ಸೇರಿಸಿ ಒಂದು ಚಿತ್ರ ಮಾಡಿದಾಗ ಅದನ್ನು ಎಲ್ಲಿ ಹಾಕಬಹುದು, ಏನೆಂದು ಕರೆಯಬೇಕು, ಎಲ್ಲಿ ಹಾಕಲೇಬಾರದು ಎಂಬುದಷ್ಟೇ ವಿಷಯ.

ಜೋಡಿಸಿದ ಚಿತ್ರ ಅಂದರೆ ಸರಿಯಾಗಿ ಯಾವುದು?

ಕ್ಯಾಮೆರಾ ಒಂದು ಜಾಗದಿಂದ ಒಂದು ಗಳಿಗೆಯಲ್ಲಿ ಕಂಡದ್ದು ಫೋಟೊ. ಕ್ಯಾಮೆರಾ ಎಂದೂ ಒಟ್ಟಿಗೆ ಕಾಣದ ಎರಡು ಸಂಗತಿಗಳು ಓದುಗನ ಕಣ್ಣಿಗೆ ಒಟ್ಟಿಗೆ ಇದ್ದಂತೆ ಕಂಡರೆ ಅದು ಜೋಡಿಸಿದ ಚಿತ್ರ. ಫೋಟೊಶಾಪ್ ಬಳಸಿದಿರೋ, ಫೋನಿನ ಆ್ಯಪ್ ಬಳಸಿದಿರೋ ಎಂಬುದು ಮುಖ್ಯವಲ್ಲ. ಎಷ್ಟು ಚಂದವಾಗಿ ಸೇರಿಸಿದ್ದೀರಿ ಎಂಬುದೂ ಮುಖ್ಯವಲ್ಲ. ಚಂದವಾಗಿ ಸೇರಿಸಿದಷ್ಟೂ ತೊಂದರೆ ಹೆಚ್ಚು, ಅಷ್ಟೆ.

ಆದ್ದರಿಂದ ನಡುವೆ ಬಿಳಿ ಗೆರೆ ಬಿಟ್ಟು ಅಕ್ಕಪಕ್ಕ ಇಟ್ಟ ಎರಡು ಫೋಟೊ ಜೋಡಿಸಿದ ಚಿತ್ರವಲ್ಲ, ಅವು ಎರಡು ಫೋಟೊಗಳೇ. ಗೆರೆ ಅಳಿಸಿ ಒಂದರ ಅಂಚನ್ನು ಇನ್ನೊಂದರೊಳಗೆ ಕರಗಿಸಿದ ಕ್ಷಣ ಅವು ಒಂದಾಗುತ್ತವೆ, ನಿಯಮವೂ ಬದಲಾಗುತ್ತದೆ.

ಎರಡೂ ಫೋಟೊ ನಾನೇ ತೆಗೆದದ್ದು, ಒಂದೇ ಘಟನೆ, ಒಂದೇ ಜಾಗ. ಸೇರಿಸಿದರೆ ಸುಳ್ಳು ಎಲ್ಲಿ ಬಂತು ಸಾರ್?

ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಪ್ರಾಮಾಣಿಕರು ಎಡವುವುದೂ ಇಲ್ಲೇ. ಹಾಗಾಗಿ ಒಂದು ಕಲ್ಪಿತ ಸಂದರ್ಭ ಇಟ್ಟುಕೊಂಡು ಕೊನೆಯವರೆಗೆ ನೋಡೋಣ.

ಬೇಲೂರು ತಾಲ್ಲೂಕಿನ ಬಿಕ್ಕೋಡು ಕಡೆಯ ಒಂದು ರಸ್ತೆ ಅಂದುಕೊಳ್ಳಿ. ಬೆಳಿಗ್ಗೆ 6.45. ಕಾಫಿ ತೋಟದ ಬೇಲಿ ದಾಟಿ ಮೂರು ಆನೆಗಳು ರಸ್ತೆಗೆ ಇಳಿದಿವೆ. ವರದಿಗಾರ ದೂರದಿಂದ ಟೆಲಿ ಲೆನ್ಸಿನಲ್ಲಿ ತೆಗೆದ ಮೊದಲ ಫ್ರೇಮು DSC_4121: ಆನೆಗಳು ರಸ್ತೆಯ ನಡುವೆ ಇವೆ, ಹಿಂದಿನ ತಿರುವು ಖಾಲಿ. 50 ಸೆಕೆಂಡು ಬಿಟ್ಟು ತೆಗೆದದ್ದು DSC_4127: ತಿರುವಿನಲ್ಲಿ ಶಾಲೆ ಮಕ್ಕಳಿದ್ದ ಬಸ್ಸು ಬಂದು ನಿಂತಿದೆ. ಅಷ್ಟರಲ್ಲಿ ಎರಡು ಆನೆಗಳು ಆಚೆ ತೋಟ ಸೇರಿವೆ, ಮೂರನೆಯದರ ಹಿಂಗಾಲು ಮತ್ತು ಬಾಲ ಮಾತ್ರ ಪೊದೆಯಿಂದ ಹೊರಗಿದೆ. ಮೊದಲನೆಯದರಲ್ಲಿ ಆನೆ ಇದೆ, ಬಸ್ಸಿಲ್ಲ. ಎರಡನೆಯದರಲ್ಲಿ ಬಸ್ಸಿದೆ, ಆನೆ ಇಲ್ಲದ ಹಾಗೇ. ನಿಂತ ಜಾಗ ಒಂದೇ, ಬೆಳಕು ಒಂದೇ, ಲೆನ್ಸ್ ಒಂದೇ. ಎರಡನೆಯ ಫೋಟೊದ ಬಸ್ಸನ್ನು ಮೊದಲನೆಯದಕ್ಕೆ ತಂದು ಕೂರಿಸಲು ಹತ್ತು ನಿಮಿಷ ಸಾಕು. ಮುಖಪುಟಕ್ಕೆ ಹೇಳಿ ಮಾಡಿಸಿದಂಥ ಚಿತ್ರ.

ಈಗ ಆ ಚಿತ್ರ ಏನು ಹೇಳುತ್ತದೆ ನೋಡಿ. ಆನೆಗಳು ರಸ್ತೆಯಲ್ಲಿದ್ದಾಗಲೇ ಚಾಲಕ ಮಕ್ಕಳಿದ್ದ ಬಸ್ಸನ್ನು ಅಲ್ಲಿಯವರೆಗೆ ತಂದ ಎನ್ನುತ್ತದೆ. ನಡೆದದ್ದು ಹಾಗಲ್ಲ. ಅವನು ಬಂದಾಗ ಆನೆಗಳು ರಸ್ತೆ ಬಿಟ್ಟಾಗಿತ್ತು, ಆದರೂ ಅವನು ನಿಲ್ಲಿಸಿ ಕಾದ. ಮಾರನೆಯ ದಿನ ಆ ಚಾಲಕನನ್ನು ಡಿಪೊದಲ್ಲಿ ಕರೆದು ಕೇಳುವುದು ನಿಮ್ಮ ಚಿತ್ರ ಹಿಡಿದುಕೊಂಡೇ. ಮಕ್ಕಳ ಅಪ್ಪ ಅಮ್ಮ ಶಾಲೆಗೆ ಹೋಗುವುದೂ ಅದನ್ನು ಹಿಡಿದೇ. ಇನ್ನೂ ಒಂದಿದೆ. ಎರಡನೆಯ ಫ್ರೇಮಿನ ಪೊದೆಯೂ ಬಸ್ಸಿನ ಜೊತೆ ಬಂದಿದ್ದರೆ ಮೂರನೆಯ ಆನೆ ಎರಡು ಸಲ ಕಾಣುತ್ತದೆ: ರಸ್ತೆಯಲ್ಲಿ ಒಮ್ಮೆ, ಪೊದೆಯಲ್ಲಿ ಬಾಲವಾಗಿ ಇನ್ನೊಮ್ಮೆ. ಸುದ್ದಿಯಲ್ಲಿ ಮೂರು ಆನೆ, ಚಿತ್ರದಲ್ಲಿ ನಾಲ್ಕು. ಯಾವ ತೋಟದಲ್ಲಿ ಎಷ್ಟು ಆನೆ ಇದೆ ಎಂದು ಜನ ದಿನಾ ಎಣಿಸುತ್ತಲೇ ಇರುವ ಊರುಗಳಿಗೆ ಇದು ಸಣ್ಣ ತಪ್ಪಲ್ಲ.

ಎರಡೂ ಫೋಟೊ ನಿಜ, ಘಟನೆಯೂ ನಿಜ. ಸುಳ್ಳಾದದ್ದು ‘ಒಟ್ಟಿಗೆ’ ಎಂಬ ಒಂದು ಮಾತು. ಓದುಗ ಸುದ್ದಿ ಫೋಟೊವನ್ನು ನಂಬುವುದು ಆ ಮಾತಿಗಾಗಿಯೇ.

2003ರ ಮಾರ್ಚ್ 31ರಂದು ‘ಲಾಸ್ ಏಂಜಲೀಸ್ ಟೈಮ್ಸ್’ ಮುಖಪುಟದಲ್ಲಿ ಆದದ್ದು ಇದೇ. ಇರಾಕಿನ ಬಸ್ರಾ ಬಳಿ ಬ್ರಿಟಿಷ್ ಸೈನಿಕನೊಬ್ಬ ಕೈ ಚಾಚಿ ಜನರಿಗೆ ಕುಳಿತುಕೊಳ್ಳಲು ಸೂಚಿಸುತ್ತಿರುವ, ಮಗುವನ್ನು ಎತ್ತಿಕೊಂಡವನೊಬ್ಬ ಅವನತ್ತ ಬರುತ್ತಿರುವ ಚಿತ್ರ ಅದು. ಛಾಯಾಗ್ರಾಹಕ ಬ್ರಿಯಾನ್ ವಾಲ್ಸ್ಕಿ ಸ್ವಲ್ಪ ಅಂತರದಲ್ಲಿ ತೆಗೆದ ಎರಡು ಫ್ರೇಮುಗಳನ್ನು ಲ್ಯಾಪ್‌ಟಾಪಿನಲ್ಲಿ ಸೇರಿಸಿ ಕಳಿಸಿದ್ದರು. ಸೈನಿಕನ ಭಂಗಿ ಒಂದರಿಂದ ಬಂದಿತ್ತು, ಮಗು ಎತ್ತಿದವನು ಇನ್ನೊಂದರಿಂದ. ಅದೇ ಚಿತ್ರ ಬಳಸಿದ್ದ ‘ಹಾರ್ಟ್‌ಫರ್ಡ್ ಕೂರಂಟ್’ ಪತ್ರಿಕೆಯಲ್ಲಿ ಒಬ್ಬರು, ಹಿಂದೆ ಕುಳಿತ ಕೆಲವರು ಎರಡೆರಡು ಸಲ ಇರುವುದನ್ನು ಗಮನಿಸಿದರು. ವಾಲ್ಸ್ಕಿ ಕೆಲಸ ಕಳೆದುಕೊಂಡರು. ಅವರು ಸೇರಿಸಿದ ಎರಡು ಫೋಟೊಗಳೂ ತಮ್ಮ ಪಾಡಿಗೆ ಒಳ್ಳೆಯ ಫೋಟೊಗಳೇ ಆಗಿದ್ದವು.

ಹಾಗಾದರೆ ಆನೆ–ಬಸ್ಸು ಸುದ್ದಿಗೆ ಏನು ಹಾಕಬೇಕಿತ್ತು?

ಎರಡನ್ನೂ ಹಾಕಿ. ಅಕ್ಕಪಕ್ಕ ಇಟ್ಟು, ನಡುವೆ ಸ್ಪಷ್ಟವಾಗಿ ಕಾಣುವ ಖಾಲಿ ಜಾಗ ಬಿಡಿ, 3 ಮಿಲಿಮೀಟರ್ ಆದರೂ ಇರಲಿ. ಅಡಿಬರಹದಲ್ಲಿ ಸಮಯದ ಅಂತರ ಬರಲಿ: ‘ಬಿಕ್ಕೋಡು ಬಳಿ ಮಂಗಳವಾರ ಬೆಳಿಗ್ಗೆ 6.45ಕ್ಕೆ ರಸ್ತೆ ದಾಟಿದ ಆನೆಗಳು (ಎಡಚಿತ್ರ). ಆನೆಗಳು ತೋಟ ಸೇರುವ ಹೊತ್ತಿಗೆ ಬಂದು ತಿರುವಿನಲ್ಲಿ ಕಾದು ನಿಂತ ಬಸ್ಸು (ಬಲಚಿತ್ರ).’ ಓದಿದವನಿಗೆ ನಡೆದದ್ದು ಪೂರ್ತಿ ಗೊತ್ತಾಗುತ್ತದೆ. ನಿಜ ಹೇಳಬೇಕೆಂದರೆ ಸೇರಿಸಿದ ಚಿತ್ರಕ್ಕಿಂತ ಇದೇ ಹೆಚ್ಚು ಕಥೆ ಹೇಳುತ್ತದೆ.

ಇಲ್ಲೇ ಒಂದು ಪಕ್ಕದ ಮಾತು. ಏನನ್ನೂ ಸೇರಿಸದ ಟೆಲಿ ಲೆನ್ಸಿನ ಫೋಟೊದಲ್ಲೂ ಹಿಂದಿನದು ಮುಂದಿನದಕ್ಕೆ ಹತ್ತಿರ ಬಂದಂತೆ ಕಾಣುತ್ತದೆ. 150 ಮೀಟರ್ ಆಚೆ ನಿಂತ ಬಸ್ಸು ಆನೆಯ ಬೆನ್ನಿಗೇ ತಾಗಿದ ಹಾಗೆ ಕಾಣಬಹುದು. ಅದು ಜೋಡಣೆಯಲ್ಲ, ಹಾಕಲು ಅಡ್ಡಿಯಿಲ್ಲ. ಆದರೆ ನಿಜವಾದ ದೂರ ಅಂದಾಜಿಗಾದರೂ ಅಡಿಬರಹದಲ್ಲಿ ಇರಲಿ.

ಸೇರಿಸಿದ್ದೇವೆ ಎಂದು ಕೆಳಗೆ ಬರೆದರೆ ಆಯಿತಲ್ಲ? ಮುಚ್ಚಿಡುತ್ತಿಲ್ಲವಲ್ಲ?

ಆಗುವುದಿಲ್ಲ. ನೋಡಿದರೆ ಸುದ್ದಿ ಫೋಟೊ ಅನ್ನಿಸುವ ಜೋಡಿಸಿದ ಚಿತ್ರವನ್ನು ಲೇಬಲ್ ಹಾಕಿಯೂ ಸುದ್ದಿಗೆ ಬಳಸಬಾರದು. ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಕಾರಣ ಸರಳ. ಚಿತ್ರ ಮೊದಲು ಕಣ್ಣಿಗೆ ಬೀಳುತ್ತದೆ, ಅಡಿಬರಹ ಆಮೇಲೆ. ಬಹಳಷ್ಟು ಜನ ಅಡಿಬರಹದವರೆಗೆ ಹೋಗುವುದೇ ಇಲ್ಲ. ಕಣ್ಣು ಒಮ್ಮೆ ಕಂಡದ್ದನ್ನು ಆರು ಪದಗಳ ಸಣ್ಣಕ್ಷರ ಅಳಿಸಲಾರದು. 1994ರ ಫೆಬ್ರುವರಿ 16ರಂದು ‘ನ್ಯೂಯಾರ್ಕ್ ನ್ಯೂಸ್‌ಡೇ’ ಮುಖಪುಟದಲ್ಲಿ ಸ್ಕೇಟಿಂಗ್ ಸ್ಪರ್ಧಿಗಳಾದ ಟೋನ್ಯಾ ಹಾರ್ಡಿಂಗ್ ಮತ್ತು ನ್ಯಾನ್ಸಿ ಕೆರಿಗನ್ ಅಕ್ಕಪಕ್ಕ ಸ್ಕೇಟ್ ಮಾಡುತ್ತಿರುವ ಚಿತ್ರ ಬಂತು. ಕೆರಿಗನ್ ಮೇಲೆ ನಡೆದ ಹಲ್ಲೆಯಲ್ಲಿ ಹಾರ್ಡಿಂಗ್ ಕಡೆಯವರ ಕೈವಾಡದ ಸುದ್ದಿ ಜಗತ್ತೆಲ್ಲ ಹರಡಿದ್ದ ದಿನಗಳವು. ಹಲ್ಲೆಯ ಬಳಿಕ ಅವರಿಬ್ಬರು ಆ ಹೊತ್ತಿಗೆ ಒಟ್ಟಿಗೆ ಮಂಜಿಗೆ ಇಳಿದೇ ಇರಲಿಲ್ಲ, ಇಳಿಯಬೇಕಿದ್ದುದು ಮಾರನೆಯ ದಿನ. ಇದು ಜೋಡಿಸಿದ ಚಿತ್ರ ಎಂದು ಪತ್ರಿಕೆ ಅಡಿಬರಹದಲ್ಲಿ ಹೇಳಿತ್ತು. ಆದರೂ ಟೀಕೆ ತಪ್ಪಲಿಲ್ಲ. ಛಾಯಾ ಪತ್ರಿಕೋದ್ಯಮ ಕಲಿಸುವವರು ಇವತ್ತಿಗೂ ಅದನ್ನು ತಪ್ಪಿನ ಮಾದರಿಯಾಗಿ ತೋರಿಸುತ್ತಾರೆ. ನಾಳೆ ಆಗಬಹುದಾದದ್ದನ್ನು ಇಂದು ಆದಂತೆ ತೋರಿಸಿದರೆ ಅಡಿಯಲ್ಲಿ ಏನು ಬರೆದರೂ ಅಷ್ಟೇ.

ಲೇಬಲ್ ಇರುವುದು ತಪ್ಪನ್ನು ಸರಿಮಾಡಲು ಅಲ್ಲ. ನೋಡಿದೊಡನೆ ‘ಇದು ಮಾಡಿದ ಚಿತ್ರ’ ಎಂದು ಗೊತ್ತಾಗುವಂಥದ್ದಕ್ಕೆ ಯಾವುದನ್ನು ಸೇರಿಸಿ ಮಾಡಿದ್ದು ಎಂದು ತಿಳಿಸಲು. ಲೇಬಲನ್ನು ಬೆರಳಿಂದ ಮುಚ್ಚಿ, ಪುಟ ಕಟ್ಟದ ಒಬ್ಬರಿಗೆ ತೋರಿಸಿ ಕೇಳಿ: ‘ಇದು ಎಲ್ಲಿ ತೆಗೆದ ಫೋಟೊ?’ ಅವರು ಜಾಗದ ಹೆಸರು ಹೇಳಿದರೆ ಆ ಚಿತ್ರ ಕೆಟ್ಟಿತು. ‘ಇದು ಫೋಟೊನಾ?’ ಎಂದು ತಿರುಗಿ ಕೇಳಿದರೆ ಮುಂದುವರಿಯಬಹುದು.

ಯಾವಾಗ ಲೇಬಲ್ ಹಾಕಿ ಬಳಸಬಹುದು?

ಕಾಫಿ ಬೆಲೆ ಕುಸಿತದ ವಿಶ್ಲೇಷಣೆ ಬರೆದಿದ್ದೀರಿ ಅಂದುಕೊಳ್ಳಿ. ಕಾಫಿ ಬೀಜದ ರಾಶಿಯ ಮೇಲೆ ಕೆಳಗಿಳಿಯುವ ಬಾಣ, ಬದಿಗೆ ಕತ್ತರಿಸಿ ಅಂಟಿಸಿದ ನೋಟುಗಳು, ಹಿಂದೆ ಒಂದೇ ಚಪ್ಪಟೆ ಬಣ್ಣ. ಯಾರೂ ಇದನ್ನು ಮೂಡಿಗೆರೆಯ ಯಾವುದೋ ಕಣದಲ್ಲಿ ತೆಗೆದ ಫೋಟೊ ಅಂದುಕೊಳ್ಳುವುದಿಲ್ಲ. ಇದಕ್ಕೆ ಲೇಬಲ್ ಹಾಕಿ, ಬಳಸಿ. ಚುನಾವಣೆಯಲ್ಲಿ ಇಬ್ಬರು ಅಭ್ಯರ್ಥಿಗಳ ಮುಖವನ್ನು ಹಿನ್ನೆಲೆ ಕತ್ತರಿಸಿ ಎದುರುಬದುರು ಇಡುವುದೂ ಹೀಗೇ. ಆದರೆ ಅಲ್ಲಿ ಎಚ್ಚರ ಬೇಕು. ಇಬ್ಬರ ಹಿಂದೆಯೂ ಒಂದೇ ವೇದಿಕೆ, ಒಂದೇ ಬ್ಯಾನರ್ ಬರುವ ಹಾಗೆ ಇಟ್ಟರೆ ಅವರು ಭೇಟಿಯಾದರು ಎಂಬ ಸುದ್ದಿ ನೀವೇ ಹುಟ್ಟಿಸಿದಂತಾಗುತ್ತದೆ. ಅಂಚು ಕತ್ತರಿಸಿದ್ದು ಕಾಣಲಿ, ಹಿನ್ನೆಲೆ ಬೇರೆ ಬೇರೆ ಬಣ್ಣದಲ್ಲಿರಲಿ, ಅಳತೆಯಲ್ಲೂ ವ್ಯತ್ಯಾಸವಿದ್ದರೆ ಒಳ್ಳೆಯದು. ಜೋಡಿಸಿದ ಚಿತ್ರ ಒರಟಾಗಿ ಕಾಣುವುದು ಅದರ ದೋಷವಲ್ಲ, ಅದೇ ಅದರ ಪ್ರಾಮಾಣಿಕತೆ.

ಚಿತ್ರ ಎಷ್ಟೇ ಕೃತಕವಾಗಿ ಕಂಡರೂ ಅದರ ಹಿಂದಿನ ಸಂಗತಿ ನಿಜವಿರಬೇಕು. 2018ರ ಜುಲೈ 2ರ ‘ಟೈಮ್’ ಸಂಚಿಕೆಯ ಮುಖಪುಟದಲ್ಲಿ ಕೆಂಪು ಹಿನ್ನೆಲೆಯ ಮೇಲೆ, ಅಳುತ್ತಿರುವ ಹೊಂಡುರಾಸ್‌ನ ಪುಟ್ಟ ಹುಡುಗಿಯ ಎದುರು ಡೊನಾಲ್ಡ್ ಟ್ರಂಪ್ ನಿಂತಿದ್ದರು. ಅದು ಜೋಡಿಸಿದ್ದು ಎಂದು ಮಕ್ಕಳಿಗೂ ತಿಳಿಯುವಂತಿತ್ತು. ಎಡವಿದ್ದು ಬೇರೆ ಕಡೆ. ಗಡಿಯಲ್ಲಿ ತಂದೆತಾಯಿಯಿಂದ ಬೇರ್ಪಡಿಸಿದ ಮಕ್ಕಳ ಕಥೆಗೆ ಗುರುತಾಗಿ ಆ ಹುಡುಗಿಯನ್ನು ಬಳಸಿದ್ದರು, ಆದರೆ ಅವಳನ್ನು ತಾಯಿಯಿಂದ ಬೇರ್ಪಡಿಸಿರಲೇ ಇಲ್ಲ.

ಎಲ್ಲದಕ್ಕೂ ‘ಸಾಂದರ್ಭಿಕ ಚಿತ್ರ’ ಅಂತ ಹಾಕುತ್ತೇವಲ್ಲ, ಸಾಲದೇ?

ಸಾಲದು. ಕನ್ನಡ ಪತ್ರಿಕೆಗಳಲ್ಲಿ ಈ ಎರಡು ಪದ ಹೊರುವಷ್ಟು ಹೊರೆಯನ್ನು ಬೇರೆ ಯಾವ ಪದವೂ ಹೊರುವುದಿಲ್ಲ. ಹಳೆಯ ಫೋಟೊಗೂ ಅದೇ, ಬೇರೆ ಊರಿನ ಫೋಟೊಗೂ ಅದೇ, ಇಂಟರ್ನೆಟ್ಟಿನಿಂದ ಇಳಿಸಿದ್ದಕ್ಕೂ ಅದೇ. ಕೊನೆಗೆ ಓದುಗನಿಗೆ ಅದು ಏನನ್ನೂ ಹೇಳುವುದಿಲ್ಲ.

ಬೇರೆ ಬೇರೆ ಸಂಗತಿಗೆ ಬೇರೆ ಪದ ಬಳಸಿ. ಇದೇ ವ್ಯಕ್ತಿ, ಇದೇ ಜಾಗ, ಆದರೆ ಹಳೆಯ ಫೋಟೊ ಆದರೆ ‘ಸಂಗ್ರಹ ಚಿತ್ರ’, ಜೊತೆಗೆ ತಿಂಗಳು, ವರ್ಷ. ಈ ಘಟನೆಯದಲ್ಲ, ಅಂಥದೇ ಇನ್ನೊಂದರದ್ದಾದರೆ ‘ಪ್ರಾತಿನಿಧಿಕ ಚಿತ್ರ’. ಇವೆರಡೂ ನಿಜವಾದ ಫೋಟೊಗಳೇ. ಸೇರಿಸಿ ಮಾಡಿದ್ದಕ್ಕೆ ‘ಜೋಡಿಸಿದ ಚಿತ್ರ’ ಎಂದು ಬರೆದು, ಏನನ್ನು ಜೋಡಿಸಿದ್ದು ಎಂದು ಒಂದು ವಾಕ್ಯ ಸೇರಿಸಿ: ‘ಜೋಡಿಸಿದ ಚಿತ್ರ: ಕಾಫಿ ಬೀಜ ಮತ್ತು ನೋಟುಗಳ ಪ್ರತ್ಯೇಕ ಫೋಟೊಗಳಿಂದ’. ಕೈಯಿಂದ ಬರೆದದ್ದಾದರೆ ‘ಚಿತ್ರಕಲೆ’ ಅಥವಾ ‘ರೇಖಾಚಿತ್ರ’. ಬರೀ ‘ಗ್ರಾಫಿಕ್ಸ್’ ಎಂದರೆ ಅಂಕಿ ಅಂಶದ ಪಟ್ಟಿ ಎಂದುಕೊಳ್ಳುವವರೇ ಹೆಚ್ಚು, ಅದನ್ನು ಇಲ್ಲಿ ಬಳಸಬೇಡಿ.

ಫೋಟೊ ತೆಗೆದವರ ಹೆಸರನ್ನು ಜೋಡಿಸಿದ ಚಿತ್ರದ ಕೆಳಗೆ ಒಂಟಿಯಾಗಿ ಹಾಕಬಾರದು. ಆ ಚಿತ್ರ ಅವರು ತೆಗೆದದ್ದಲ್ಲ. ‘ಫೋಟೊಗಳು: ಇಂಥವರು, ಜೋಡಣೆ: ಇಂಥವರು’ ಎಂದು ಬಿಡಿಸಿ ಬರೆಯಿರಿ.

ಲೇಬಲ್ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು?

ಅಚ್ಚಿನಲ್ಲಿ ಚಿತ್ರಕ್ಕೆ ತಾಗಿಯೇ ಇರಲಿ, ಅಡಿಬರಹದ ಅಕ್ಷರದಷ್ಟೇ ದೊಡ್ಡದಿರಲಿ, ಮೊದಲ ಪದಗಳಾಗಿ ಬರಲಿ. ಉದ್ದನೆಯ ಅಡಿಬರಹದ ಬಾಲದಲ್ಲಿ ಅಲ್ಲ. ಬದಿಯಲ್ಲಿ ನೆಟ್ಟಗೆ ನಿಲ್ಲಿಸಿದ ಸಣ್ಣಕ್ಷರ ಕನ್ನಡಕ್ಕೆ ಒಗ್ಗುವುದಿಲ್ಲ. 6 ಪಾಯಿಂಟಿಗೆ ಇಳಿಸಿದರೆ ನ್ಯೂಸ್‌ಪ್ರಿಂಟಿನಲ್ಲಿ ಶಾಯಿ ಹರಡಿ ಒತ್ತಕ್ಷರಗಳು ಮುದ್ದೆಯಾಗುತ್ತವೆ. ಬರೆದಿದ್ದೀರಿ ಎಂಬ ಸಮಾಧಾನ ನಿಮಗೆ, ಓದಲಾಗದ ಕಷ್ಟ ಓದುಗನಿಗೆ.

ಜಾಲತಾಣದಲ್ಲಿ ಇನ್ನೊಂದು ತೊಡಕು. ಸುದ್ದಿಯ ಕೊಂಡಿಯನ್ನು ವಾಟ್ಸ್ಆ್ಯಪ್ ಅಥವಾ ಫೇಸ್‌ಬುಕ್ಕಿನಲ್ಲಿ ಹಂಚಿದಾಗ ಚಿತ್ರ ಮತ್ತು ತಲೆಬರಹ ಹೋಗುತ್ತವೆ, ಅಡಿಬರಹ ಹೋಗುವುದಿಲ್ಲ. ನಿಮ್ಮ ಪುಟದಲ್ಲಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ಹಂಚಿಕೆಯಾದ ಚಿತ್ರ ಬೋಳಾಗಿರುತ್ತದೆ. ಆದ್ದರಿಂದ ಲೇಬಲನ್ನು ಚಿತ್ರದೊಳಗೇ ಬರೆದು ಅಚ್ಚೊತ್ತಿರಬೇಕು. ಅಂಚಿನಲ್ಲಿ ಅಲ್ಲ, ಏಕೆಂದರೆ ಚೌಕಕ್ಕೆ ಕ್ರಾಪ್ ಆದಾಗ ಅಂಚು ಮೊದಲು ಹೋಗುತ್ತದೆ. ಚಿತ್ರವನ್ನು ಫೋನಿನಲ್ಲಿ ಹೆಬ್ಬೆರಳಿನ ಅಗಲಕ್ಕೆ ಇಳಿಸಿ ನೋಡಿ. ಲೇಬಲ್ ಓದಲಾಗದಿದ್ದರೆ ಹಂಚಿಕೆಯ ಚಿತ್ರವಾಗಿ ಒಂದು ಸಾದಾ ಫೋಟೊ ಆರಿಸಿ, ಜೋಡಿಸಿದ್ದನ್ನು ಪುಟದ ಒಳಗಷ್ಟೇ ಇಡಿ.

ಫೋನೇ ನಾಲ್ಕಾರು ಫ್ರೇಮು ಸೇರಿಸಿ ಒಂದು ಫೋಟೊ ಮಾಡುತ್ತದಲ್ಲ? ಅದೂ ಜೋಡಿಸಿದ್ದೇ?

ಎಚ್‌ಡಿಆರ್, ನೈಟ್ ಮೋಡ್ ಮುಂತಾದವು ಅರೆಕ್ಷಣದಿಂದ ಕೆಲವು ಸೆಕೆಂಡುಗಳ ಒಳಗೆ ತೆಗೆದ ಫ್ರೇಮುಗಳಿಂದ ಬೆಳಕನ್ನಷ್ಟೇ ಕೂಡಿಸುತ್ತವೆ. ಯಾರನ್ನೂ ತರುವುದಿಲ್ಲ, ಯಾರನ್ನೂ ಕಳಿಸುವುದಿಲ್ಲ. ಲೇಬಲ್ ಬೇಡ.

ಪನೋರಮಾ ನಡುವಿನದು. ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತು ಬೆಟ್ಟಸಾಲು ತೆಗೆದರೆ ಅಡ್ಡಿಯಿಲ್ಲ, ‘ಪನೋರಮಾ ಚಿತ್ರ’ ಎಂದರೆ ಸಾಕು. ಅದೇ ಪನೋರಮಾ ಜನಜಂಗುಳಿಗೆ ಸಲ್ಲದು. ಹಾಸನಾಂಬ ದರ್ಶನದ ಸರದಿಯನ್ನು ಎಡದಿಂದ ಬಲಕ್ಕೆ ಫೋನು ತಿರುಗಿಸಿ ತೆಗೆಯುವ ಹೊತ್ತಿಗೆ ಸರದಿಯೂ ಅದೇ ದಿಕ್ಕಿಗೆ ಸಾಗುತ್ತಿದ್ದರೆ ಅದೇ ಜನ ಎರಡು ಸಲ ಬರುತ್ತಾರೆ. ಸರದಿ ನಿಜಕ್ಕಿಂತ ಉದ್ದ ಕಾಣುತ್ತದೆ. ಎದುರು ದಿಕ್ಕಿಗೆ ಸಾಗುತ್ತಿದ್ದರೆ ಜನ ಕುಗ್ಗಿ ಅರ್ಧರ್ಧ ಆಗುತ್ತಾರೆ. ಜನರನ್ನು ತೋರಿಸಲು ಎತ್ತರದ ಜಾಗದಿಂದ ಒಂದೇ ಫ್ರೇಮು ತೆಗೆಯಿರಿ.

ಗುಂಪು ಫೋಟೊದ ಹೊಸ ಸೌಲಭ್ಯಗಳು ಮಾತ್ರ ಪೂರ್ತಿ ಬೇರೆ. ಗೂಗಲ್ ಪಿಕ್ಸೆಲ್ ಫೋನಿನ ‘ಬೆಸ್ಟ್ ಟೇಕ್’ ಬೇರೆ ಬೇರೆ ಫ್ರೇಮಿನಿಂದ ಪ್ರತಿಯೊಬ್ಬರ ಚೆಂದದ ಮುಖ ಆರಿಸಿ ಒಂದು ಮಾಡುತ್ತದೆ. ‘ಆ್ಯಡ್ ಮಿ’ ಫೋಟೊ ತೆಗೆದವರನ್ನೂ ಗುಂಪಿನೊಳಗೆ ನಿಲ್ಲಿಸುತ್ತದೆ. ಮನೆಯ ಆಲ್ಬಮ್ಮಿಗೆ ಚಂದ. ಸುದ್ದಿಗೆ ಬಳಸುವಂತಿಲ್ಲ. ಸನ್ಮಾನ ಸಮಾರಂಭದ ಸಾಲಿನಲ್ಲಿ ತಡವಾಗಿ ಬಂದ ಪದಾಧಿಕಾರಿಯನ್ನು ಆಮೇಲೆ ನಿಲ್ಲಿಸಿಕೊಟ್ಟರೆ ಅದು ಸನ್ಮಾನದ ಫೋಟೊ ಅಲ್ಲ. ತಡವಾಗಿ ಬಂದವರ ಫೋಟೊ ಬೇಕೇ ಬೇಕೆಂದರೆ ಇನ್ನೊಂದು ಫೋಟೊ ತೆಗೆಯುವುದಕ್ಕೆ ಎಷ್ಟು ಹೊತ್ತು?

ಸಂಘ–ಸಂಸ್ಥೆಯವರು, ಇಲಾಖೆಯವರು ಕಳಿಸಿದ ಫೋಟೊ ಸೇರಿಸಿದ್ದೋ ಅಲ್ಲವೋ ಹೇಗೆ ತಿಳಿಯುವುದು?

ಸರ್ಕಾರಿ ಮೂಲವೆಂದು ನೋಡದೆ ಬಿಡಬೇಡಿ. 2015ರ ಡಿಸೆಂಬರ್ 3ರಂದು ಪ್ರಧಾನಿ ನರೇಂದ್ರ ಮೋದಿ ಚೆನ್ನೈ ಪ್ರವಾಹದ ವೈಮಾನಿಕ ಸಮೀಕ್ಷೆ ಮಾಡಿದಾಗ ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿಯಾದ ಪಿಐಬಿ ಟ್ವಿಟರಿನಲ್ಲಿ ಹಾಕಿದ ಒಂದು ಚಿತ್ರದಲ್ಲಿ ಕಿಟಕಿಯಾಚೆ ಮುಳುಗಿದ ಮನೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅದೇ ಭಂಗಿಯ, ಕಿಟಕಿಯಾಚೆ ಮಸುಕಾಗಿದ್ದ ಇನ್ನೊಂದು ಫೋಟೊ ಆಗಲೇ ಹೊರಬಂದಿತ್ತು. ಜನ ಎರಡನ್ನೂ ಪಕ್ಕದಲ್ಲಿಟ್ಟು ಕೇಳಿದಾಗ ಪಿಐಬಿ ಆ ಚಿತ್ರವನ್ನು ತೆಗೆದುಹಾಕಿ, ಎರಡು ಚಿತ್ರಗಳನ್ನು ಸೇರಿಸಲಾಗಿತ್ತು ಎಂದು ಒಪ್ಪಿಕೊಂಡು ವಿಷಾದ ಹೇಳಿತು.

ಆ ಪ್ರಕರಣ ಕಲಿಸುವ ವಿಧಾನವೇ ಎಲ್ಲಕ್ಕಿಂತ ಗಟ್ಟಿ: ಅದೇ ಗಳಿಗೆಯ ಇನ್ನೊಂದು ಫೋಟೊ ಹುಡುಕಿ. ಕಳಿಸಿದವರನ್ನು ಒಂದು ಫೋಟೊ ಕೇಳಬೇಡಿ, ಅದರ ಹಿಂದಿನ ಎರಡು, ಮುಂದಿನ ಎರಡು ಫ್ರೇಮುಗಳನ್ನೂ ಕೇಳಿ. ಫೈಲಿನ ಹೆಸರು DSC_4121ರಿಂದ DSC_4127ರವರೆಗೆ ಸಾಲಾಗಿ ಇದ್ದರೆ ಚಿಂತೆಯಿಲ್ಲ. ಆ ಸಾಲಿನಲ್ಲಿ ಎಲ್ಲೂ ಇಲ್ಲದ ಚಿತ್ರ ಬಂದಿದ್ದರೆ ಕೇಳಲೇಬೇಕು. ವಾಟ್ಸ್ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿದರೆ ಒಳಗಿನ ಮಾಹಿತಿ ಅಳಿಸಿಹೋಗುತ್ತದೆ, ‘ಡಾಕ್ಯುಮೆಂಟ್’ ಆಗಿ ಅಥವಾ ಇಮೇಲಿನಲ್ಲಿ ಕಳಿಸಲು ಹೇಳಿ. ಬಂದ ಫೈಲಿನೊಳಗಿನ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶಕ್ಕೆ ಈ ಆಜ್ಞೆ ಕೊಟ್ಟು ನೋಡಬಹುದು:

```
exiftool -DateTimeOriginal -Software -DigitalSourceType DSC_4121.JPG
```

`Software` ಎದುರು ಫೋಟೊಶಾಪಿನ ಹೆಸರು ಬಂದ ಮಾತ್ರಕ್ಕೆ ಸೇರಿಸಿದ್ದಾರೆ ಎಂದಲ್ಲ, ಬರೀ ಕ್ರಾಪ್ ಮಾಡಿದರೂ ಅದು ಬರುತ್ತದೆ. ಏನೂ ಬಾರದಿದ್ದರೆ ಶುದ್ಧ ಎಂದೂ ಅಲ್ಲ. ಅದು ಪ್ರಶ್ನೆ ಕೇಳಲು ಕಾರಣ, ತೀರ್ಪು ಅಲ್ಲ.

ಕಣ್ಣಿನಿಂದ ನೋಡುವುದಾದರೆ ಮುಖ್ಯ ವ್ಯಕ್ತಿಯನ್ನು ಬಿಟ್ಟು ಹಿನ್ನೆಲೆ ನೋಡಿ. ಸೇರಿಸಿದವನು ಮುಂದಿನದನ್ನು ಚೆನ್ನಾಗಿ ತಿದ್ದಿರುತ್ತಾನೆ, ಹಿಂದಿನದನ್ನು ಮರೆತಿರುತ್ತಾನೆ. ಬಸ್ರಾದ ಚಿತ್ರ ಸಿಕ್ಕಿಬಿದ್ದದ್ದು ಹಾಗೇ. ಒಂದೇ ಅಂಗಿಯವರು ಎರಡು ಕಡೆ, ಒಂದೇ ಕೊಂಬೆ ಎರಡು ಕಡೆ, ನೆಲಕ್ಕೆ ನೆರಳೇ ಬೀಳದ ಕಾಲುಗಳು, ಸುತ್ತಲಿನವರೆಲ್ಲ ಕಾಳುಕಾಳಾಗಿದ್ದು ಒಬ್ಬರ ಮುಖ ಮಾತ್ರ ನುಣುಪಾಗಿರುವುದು. ನೆರಳಿನ ದಿಕ್ಕು ಬೇರೆ ಬೇರೆ ಹೊತ್ತಿನ ಫೋಟೊ ಸೇರಿಸಿದಾಗ ಮಾತ್ರ ಸಹಾಯಕ್ಕೆ ಬರುತ್ತದೆ. ನಮ್ಮ ಆನೆ–ಬಸ್ಸಿನಂತೆ ಒಂದೇ ನಿಮಿಷದವಾದರೆ ನೆರಳು ಏನೂ ಹೇಳದು. ಮಳೆಗಾಲದ ಮೋಡದ ಬೆಳಕಿನಲ್ಲಂತೂ ನೆರಳೇ ಇರುವುದಿಲ್ಲ.

ಶೆಟ್ಟಿಹಳ್ಳಿ ಚರ್ಚಿನ ಮಳೆಗಾಲ, ಬೇಸಿಗೆ ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸಬೇಕು. ಮಾಡಬಹುದೇ?

ಮಾಡಬಹುದು, ಗೆರೆ ಕಾಣುವ ಹಾಗೆ. ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ಆ ಹಳೆಯ ಚರ್ಚಿನ ಗೋಡೆಗಳು ನೀರಿನಲ್ಲಿ ನಿಂತಿರುತ್ತವೆ, ಬೇಸಿಗೆಯಲ್ಲಿ ಬುಡದವರೆಗೆ ನಡೆದು ಹೋಗಬಹುದು. ಒಂದೇ ಜಾಗದಲ್ಲಿ ನಿಂತು ತೆಗೆದ ಎರಡು ಫೋಟೊಗಳನ್ನು ನಡುವೆ ನೆಟ್ಟಗಿನ ಬಿಳಿ ಗೆರೆ ಎಳೆದು ಅರ್ಧರ್ಧ ಇಡಿ, ಎರಡರ ಮೇಲೂ ತಿಂಗಳು ಮತ್ತು ವರ್ಷ ಬರೆಯಿರಿ. ಲೇಬಲ್ಲಿನ ಅಗತ್ಯವೇ ಬಾರದು.

ನೀರು ನಿಧಾನಕ್ಕೆ ಹುಲ್ಲಾಗಿ ಕರಗುವ ಹಾಗೆ ಮಾಡಿದರೆ ನೋಡಲು ಚಂದ, ಆದರೆ ಅಲ್ಲಿಗೆ ಎಂದೂ ಹೋಗದವನಿಗೆ ಚರ್ಚಿನ ಅರ್ಧ ಭಾಗ ಮಾತ್ರ ಮುಳುಗುತ್ತದೆ ಅನ್ನಿಸುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಎರಡು ಫೋಟೊಗಳ ನಡುವಿನ ವರ್ಷಗಳಲ್ಲಿ ಕಟ್ಟಡದ ಭಾಗ ಬಿದ್ದಿದ್ದರೆ, ಹಳೆಯ ಫೋಟೊದ ಗೋಡೆ ಹೊಸದರಲ್ಲಿ ಇಲ್ಲದಿದ್ದರೆ, ಅದನ್ನು ಅಡಿಬರಹದಲ್ಲಿ ಹೇಳದೆ ಹೋಗಬೇಡಿ. ಇಲ್ಲದಿದ್ದರೆ ನೀರಿನ ವ್ಯತ್ಯಾಸ ಎಂದು ತೋರಿಸಿದ್ದರಲ್ಲಿ ಕಟ್ಟಡದ ವ್ಯತ್ಯಾಸ ಅಡಗಿ ಕೂರುತ್ತದೆ.

ಫೋಟೊ ಕಾಲಂ ಅಗಲಕ್ಕೆ ಸಾಲದು. ಬದಿಯ ಆಕಾಶ ಸ್ವಲ್ಪ ಎಳೆದು ತುಂಬಿಸಿದರೆ?

ಬೇಡ. ಇಲ್ಲದ ಆಕಾಶ ಹುಟ್ಟಿಸುವುದೂ ಸೇರಿಸುವುದೇ. ಪುಟದ ವಿನ್ಯಾಸ ಬದಲಿಸಿ.

ಮಕ್ಕಳ ಮುಖ ಮರೆಮಾಡಲು ಬೇರೆ ಮುಖ ಕೂರಿಸಬಹುದೇ?

ಕೂಡದು. ಮಸುಕು ಮಾಡಿ, ಮಾಡಿದ್ದು ಕಾಣಲಿ. ದೌರ್ಜನ್ಯಕ್ಕೆ ಒಳಗಾದ ಮಗುವಿನ ಪ್ರಕರಣವಾದರೆ ಗುರುತು ಹೊರಬೀಳದಂತೆ ನೋಡಿಕೊಳ್ಳುವುದು ಪೊಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಮುಖವಷ್ಟೇ ಅಲ್ಲ, ಸಮವಸ್ತ್ರ, ಮನೆಯ ಬಾಗಿಲು, ಶಾಲೆಯ ಫಲಕವೂ ಗುರುತೇ. ಅಂಥ ಸುದ್ದಿಗೆ ಫೋಟೊ ಇಲ್ಲದಿರುವುದೇ ಒಳ್ಳೆಯದು.

ಲೇಬಲ್ ಹಾಕಿ ಬಳಸಿದ ಚಿತ್ರ ಕಡತದಲ್ಲಿ ಹೇಗಿರಬೇಕು?

ಎರಡು ವರ್ಷದ ಮೇಲೆ ಯಾರೋ ‘ಕಾಫಿ’ ಎಂದು ಹುಡುಕಿ ಇದನ್ನೇ ಫೋಟೊ ಎಂದು ಎತ್ತಿ ಹಾಕುವುದು ಮಾಮೂಲು. ಅದಕ್ಕೆ ಫೈಲಿನ ಹೆಸರಿನ ಮೊದಲಿಗೇ `JODANE_` ಎಂದು ಇರಲಿ. ಮೂಲ ಫೋಟೊಗಳು ಅದೇ ಫೋಲ್ಡರಿನಲ್ಲಿ ಬೇರೆಯಾಗಿ ಇರಲಿ. ಸುದ್ದಿ ಫೋಟೊಗಳ ಮಾಹಿತಿಗೆ ಸುದ್ದಿ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಪಿಟಿಸಿ ಗೊತ್ತುಮಾಡಿರುವ ಸಂಕೇತವನ್ನು ಫೈಲಿನೊಳಗೆ ಬರೆಯಿರಿ. ಸೇರಿಸಿದ ಭಾಗಗಳೆಲ್ಲ ನಿಜವಾದ ಫೋಟೊಗಳೇ ಆಗಿದ್ದರೆ ಅದು `compositeCapture`:

```
exiftool -XMP-iptcExt:DigitalSourceType="http://cv.iptc.org/newscodes/digitalsourcetype/compositeCapture" JODANE_coffee.jpg
```

ಇದು ಕಡತಕ್ಕೆ ಸಹಾಯವೇ ಹೊರತು ಓದುಗನಿಗೆ ಅಲ್ಲ. ವಾಟ್ಸ್ಆ್ಯಪಿನಲ್ಲಿ ಫೋಟೊ ಆಗಿ ಹೋದ ಮೇಲೆ ಇದು ಉಳಿಯುವುದಿಲ್ಲ, ಆದ್ದರಿಂದ ಕಾಣುವ ಲೇಬಲ್ಲಿಗೆ ಇದನ್ನು ಬದಲಿಯಾಗಿ ಎಣಿಸಬೇಡಿ.

ಗೊತ್ತಾಗದೆ ಸೇರಿಸಿದ ಚಿತ್ರ ಅಚ್ಚಾಗಿಹೋಯಿತು. ಈಗ?

ಮೊದಲು ಜಾಲತಾಣದಿಂದ ತೆಗೆಯಿರಿ. ಅದೇ ಫೈಲಿನ ಹೆಸರಿಗೆ ಹೊಸ ಫೋಟೊ ಸುಮ್ಮನೆ ತುರುಕಬೇಡಿ. ಕೆಲವರಿಗೆ ಕ್ಯಾಶ್‌ನಿಂದ ಹಳೆಯದೇ ಬರುತ್ತಿರುತ್ತದೆ, ಉಳಿದವರಿಗೆ ನೀವು ಸದ್ದಿಲ್ಲದೆ ಬದಲಿಸಿದಂತೆ ಕಾಣುತ್ತದೆ. ಚಿತ್ರ ಕೊಟ್ಟಿದ್ದ ಇತರ ಪತ್ರಿಕೆಗಳಿಗೆ, ವರದಿಗಾರರ ಗುಂಪುಗಳಿಗೆ ‘ಬಳಸಬೇಡಿ’ ಎಂದು ಕಾರಣ ಸಹಿತ ಬರೆದು ತಿಳಿಸಿ. 2024ರ ಮಾರ್ಚ್ 10ರಂದು ಬ್ರಿಟನ್ನಿನ ರಾಜಕುಮಾರಿ ಕೇಟ್ ಮತ್ತು ಮಕ್ಕಳ ಫೋಟೊ ತಿದ್ದಿದ್ದು ಎಂದು ಕಂಡಾಗ ಎಪಿ, ರಾಯಿಟರ್ಸ್, ಎಎಫ್‌ಪಿ ಮಾಡಿದ್ದು ಇದನ್ನೇ. ತಾವೇ ಹಂಚಿದ್ದ ಫೋಟೊವನ್ನು ತಾವೇ ವಾಪಸು ಪಡೆದವು.

ತಿದ್ದುಪಡಿ ಮಾರನೆಯ ದಿನವೇ, ಸಾಧ್ಯವಾದರೆ ಅದೇ ಪುಟದಲ್ಲಿ ಬರಲಿ. ‘ತಾಂತ್ರಿಕ ಕಾರಣದಿಂದ ಚಿತ್ರ ಬದಲಾಗಿದೆ’ ಎಂಬ ಮಾತು ಬೇಡ, ಅದು ಯಾರಿಗೂ ಏನನ್ನೂ ಹೇಳದು. ಏನನ್ನು ಯಾವುದಕ್ಕೆ ಸೇರಿಸಲಾಗಿತ್ತು, ಅದರಿಂದ ಯಾವ ತಪ್ಪು ಅರ್ಥ ಬಂತು, ಯಾರಿಗೆ ತೊಂದರೆಯಾಯಿತು ಎಂಬುದು ಬರಬೇಕು. ನಮ್ಮ ಕಲ್ಪಿತ ಉದಾಹರಣೆಗೆ ಹೀಗೆ: ‘ಬುಧವಾರದ ಸಂಚಿಕೆಯ ಮುಖಪುಟದಲ್ಲಿ ಆನೆಗಳ ಎದುರು ಬಸ್ಸು ನಿಂತಂತೆ ಕಾಣುವ ಚಿತ್ರ, 50 ಸೆಕೆಂಡುಗಳ ಅಂತರದಲ್ಲಿ ತೆಗೆದ ಎರಡು ಫೋಟೊಗಳನ್ನು ಸೇರಿಸಿ ಮಾಡಿದ್ದಾಗಿತ್ತು. ಬಸ್ಸು ಬರುವ ವೇಳೆಗೆ ಆನೆಗಳು ರಸ್ತೆಯಲ್ಲಿ ಇರಲಿಲ್ಲ. ಚಾಲಕರ ಕಡೆಯಿಂದ ಯಾವ ತಪ್ಪೂ ಆಗಿಲ್ಲ. ಚಿತ್ರ ಪ್ರಕಟಿಸಿದ್ದಕ್ಕೆ ವಿಷಾದಿಸುತ್ತೇವೆ.’ ಅದರ ಒಂದು ಪ್ರತಿಯನ್ನು ಡಿಪೊ ವ್ಯವಸ್ಥಾಪಕರಿಗೂ ಕಳಿಸಿ. ಚಾಲಕನನ್ನು ಕರೆದು ಕೇಳುವವರು ಬೆಳಿಗ್ಗೆ ಪತ್ರಿಕೆಯ ಮೂಲೆಯ ತಿದ್ದುಪಡಿ ಓದಿಯೇ ಇರುತ್ತಾರೆ ಎಂದು ನಂಬಿ ಕೂರುವಂತಿಲ್ಲ.